ಕೆಲಸ ಹುಡುಕುವ ಮೊದಲೇ ಬರೆದ ಐದು ಷರತ್ತು, 18 ಲಕ್ಷದ ಓಪನಿಂಗ್ ಬಿಟ್ಟ ಲೆಕ್ಕ

"ಈ ಮಾರ್ಕೆಟ್‌ನಲ್ಲಿ ಆರಿಸ್ಕೊಂಡು ಕೂತ್ರೆ ಕೆಲಸ ಸಿಕ್ಕ ಹಾಗೇ. ಕಣ್ಮುಚ್ಚಿ ಎಲ್ಲದಕ್ಕೂ ಅಪ್ಲೈ ಮಾಡು." ಬೆಂಗಳೂರಿನ ಟೆಸ್ಟಿಂಗ್ ಮಂದಿ ಒಬ್ಬರಿಗೊಬ್ಬರು ಕೊಡುವ ಬುದ್ಧಿವಾದ ಇದು. ನನಗೂ ಕೊಟ್ಟರು. ಷರತ್ತು ಬರೆದಿಟ್ಟುಕೊಂಡೇ ಹುಡುಕಿದೆ, ಬೇಕಾದ ಕೆಲಸವೇ ಸಿಕ್ಕಿತು. ಬುದ್ಧಿ ಹೇಳಿದವರಲ್ಲೇ ಒಂದಿಬ್ಬರು ಈಗ ಆ ಶೀಟ್ ಕಳಿಸು ಅನ್ನುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ನೌಕ್ರಿ ಪ್ರೊಫೈಲ್ ಹೇಗೆ ಅಪ್‌ಡೇಟ್ ಮಾಡಬೇಕು, ರೆಸ್ಯೂಮೆ ಎಷ್ಟು ಪುಟ ಇರಬೇಕು ಅನ್ನೋದೆಲ್ಲ ನಿಮಗೆ ಗೊತ್ತಿರೋದೇ, ಬಿಡಿ. ಏಳೆಂಟು ವರ್ಷ ಅನುಭವ ಇರುವ ಆಟೊಮೇಷನ್ ಟೆಸ್ಟರ್ ಲೆಕ್ಕದಲ್ಲಿ ಹೇಳುತ್ತೇನೆ. ಡೆವಲಪರ್‌ಗಳು ಅಂಕಿ ಬದಲಿಸಿಕೊಳ್ಳಲಿ.

ಎಲ್ಲರೂ ಮೊದಲು ಬರೆಯುವ ಪಟ್ಟಿ ಒಂದಿದೆ: ಒಳ್ಳೇ ವಾತಾವರಣ, ಒಳ್ಳೇ ಮ್ಯಾನೇಜರ್, ಕಲಿಯೋಕೆ ಅವಕಾಶ, ಒಳ್ಳೇ ಸಂಬಳ. ಜರಡಿ ಹಿಡಿಯೋಕೆ ಈ ಪಟ್ಟಿ ಬಾರದು. ಮ್ಯಾನೇಜರ್ ಎಂಥವರು ಅಂತ ಗೊತ್ತಾಗೋದು ಸೇರಿ ಮೂರು ತಿಂಗಳಾದ ಮೇಲೆ. ನಾಲ್ಕು ರೌಂಡ್ ಇಂಟರ್‌ವ್ಯೂ, ಒಂದು ವಾರಾಂತ್ಯ ನುಂಗುವ ಅಸೈನ್‌ಮೆಂಟ್, ಎರಡು ದಿನ ರಜೆ ಎಲ್ಲ ಸುರಿದ ಮೇಲೆ ಉತ್ತರ ಸಿಗುವ ಪ್ರಶ್ನೆಯಿಂದ ಏನೂ ಉಳಿತಾಯವಿಲ್ಲ. ಹಾಗಾಗಿ ಪ್ರತಿ ಸಾಲಿನ ಪಕ್ಕದಲ್ಲಿ ಇದರ ಉತ್ತರ ಎಲ್ಲಿ ಸಿಗುತ್ತದೆ ಅಂತ ಬರೆಯಬೇಕು. ಜೆಡಿಯಲ್ಲೇ ಸಿಗುತ್ತದಾ, ರಿಕ್ರೂಟರ್‌ನ ಮೊದಲ ಫೋನಿನಲ್ಲಾ, ಇಲ್ಲ ಆಫರ್ ಹೊತ್ತಿಗಾ. ಮೊದಲ ಎರಡು ಕಡೆ ಉತ್ತರ ಸಿಗುವಂಥದ್ದು ಮಾತ್ರ ಷರತ್ತು. ಮಿಕ್ಕಿದ್ದು ಆಸೆ. ಅದನ್ನು ಬೇರೆ ಹಾಳೆಯಲ್ಲಿ ಬರೆದಿಡಿ, ಎರಡು ಆಫರ್ ಕೈಯಲ್ಲಿದ್ದಾಗ ತೆಗೆದರೆ ಸಾಕು.

ನನ್ನ ಶೀಟಿನಲ್ಲಿ ಷರತ್ತು ಐದೇ: ಕೈಗೆ ಬರುವ ಸಂಬಳ, ಆಫೀಸಿನ ಜಾಗ, ಶಿಫ್ಟ್, ಯಾರ ಪೇರೋಲ್, ಕೆಲಸದಲ್ಲಿ ಆಟೊಮೇಷನ್ ಎಷ್ಟು. ಆರನೆಯದು ಸೇರಿಸಿದರೆ ಓಪನಿಂಗ್‌ಗಳು ಥಟ್ಟನೆ ಕಡಿಮೆಯಾಗುತ್ತವೆ. ನೋಟಿಸ್ ಪೀರಿಯಡ್ ಇದರಲ್ಲಿ ಬೇಕಿಲ್ಲ, ಅದು ಅವರ ಷರತ್ತು. ನಿಮ್ಮದು 90 ದಿನ ಆಗಿದ್ದು ಜೆಡಿಯಲ್ಲಿ Immediate joiners only ಅಂತಿದ್ದರೆ ಮುಂದಕ್ಕೆ ಹೋಗಿ.

ಹೆಚ್ಚು ಜನ ಎಡವೋದು ಸಂಬಳದ ಸಾಲಿನಲ್ಲಿ. ಸಿಟಿಸಿಯನ್ನು ಷರತ್ತಾಗಿ ಬರೆಯಬಾರದು. ಇಎಂಐ, ಮನೆ ಖರ್ಚು, ಊರಿಗೆ ಕಳಿಸೋದು, ಮಕ್ಕಳ ಫೀಸು ಕೂಡಿಸಿ, ತಿಂಗಳಿಗೆ ಅಕೌಂಟಿಗೆ ಎಷ್ಟು ಬೀಳಲೇಬೇಕು ಅಂತ ಬರೆಯಿರಿ. ಉದಾಹರಣೆಗೆ 1.10 ಲಕ್ಷ ಅಂದುಕೊಳ್ಳೋಣ. ಈಗ 18 ಲಕ್ಷ ಸಿಟಿಸಿಯ ಒಂದು ಓಪನಿಂಗ್ ಬಂತು. ಹನ್ನೆರಡರಿಂದ ಭಾಗಿಸಿದರೆ ಒಂದೂವರೆ ಲಕ್ಷ, ಬಾಯಲ್ಲಿ ನೀರೂರುತ್ತದೆ. ಆದರೆ ಫೋನಿನಲ್ಲಿ ಕೇಳಿದಾಗ ತಿಳಿದದ್ದು: ಅದರಲ್ಲಿ ವೇರಿಯಬಲ್ 10%, ಅಂದರೆ 1.8 ಲಕ್ಷ. ಜಾಯಿನಿಂಗ್ ಬೋನಸ್ 1 ಲಕ್ಷವೂ ಒಳಗೇ. ಬೇಸಿಕ್ 50%, ಅಂದರೆ ತಿಂಗಳಿಗೆ 75,000. ಪಿಎಫ್ ಪೂರ್ತಿ ಬೇಸಿಕ್ ಮೇಲೆ 12%, ಕಂಪನಿಯ ಪಾಲು ವರ್ಷಕ್ಕೆ 1.08 ಲಕ್ಷ, ಅದೂ ಸಿಟಿಸಿ ಒಳಗೆ. ಗ್ರಾಚ್ಯುಟಿ ಬೇಸಿಕ್‌ನ 4.81%, ಸುಮಾರು 43 ಸಾವಿರ. ಇನ್ಶೂರೆನ್ಸ್ ಪ್ರೀಮಿಯಂ ಒಂದು 15 ಸಾವಿರ. ಇದೆಲ್ಲ ಕಳೆದರೆ ಉಳಿಯೋದು ವರ್ಷಕ್ಕೆ ಹದಿಮೂರೂವರೆ ಲಕ್ಷ, ತಿಂಗಳಿಗೆ 1.12 ಲಕ್ಷದ ಮೇಲೆ ಚೂರು. ಅದರಲ್ಲಿ ನಮ್ಮ ಪಾಲಿನ ಪಿಎಫ್ 9,000, ಪ್ರೊಫೆಷನಲ್ ಟ್ಯಾಕ್ಸ್ 200, ಹೊಸ ರಿಜೀಮ್‌ನಲ್ಲಿ (2025-26ರ ಸ್ಲ್ಯಾಬ್) ಟಿಡಿಎಸ್ ಸುಮಾರು 6,200. ಕೈಗೆ 97 ಸಾವಿರ. ಷರತ್ತು ದಾಟಲಿಲ್ಲ, ಬಿಟ್ಟೆ.

ಅದೇ ಹೊತ್ತಿಗೆ 16 ಲಕ್ಷದ್ದೊಂದು ಇತ್ತು. ವೇರಿಯಬಲ್ ಇಲ್ಲ, ಬೋನಸ್ ಇಲ್ಲ, ಇನ್ಶೂರೆನ್ಸ್ ಸಿಟಿಸಿಗೆ ಹೊರಗೆ, ಪಿಎಫ್ 15,000ದ ಮಿತಿ ಮೇಲೆ ಮಾತ್ರ, ಅಂದರೆ ತಿಂಗಳಿಗೆ 1,800. ಬೇಸಿಕ್ ಇಲ್ಲೂ ಅರ್ಧ. ಗ್ರಾಚ್ಯುಟಿ, ಪಿಎಫ್, ಟ್ಯಾಕ್ಸ್ ಎಲ್ಲ ಕಳೆದು ಕೈಗೆ 1.17 ಲಕ್ಷದ ಮೇಲೆ. ಎರಡು ಲಕ್ಷ ಕಡಿಮೆಯ ಪ್ಯಾಕೇಜಿನಲ್ಲಿ ತಿಂಗಳಿಗೆ ಇಪ್ಪತ್ತು ಸಾವಿರ ಜಾಸ್ತಿ! ಆದರೂ ಲೆಕ್ಕ ಪೂರ್ತಿ ಹೇಳಬೇಕು. ಮೊದಲನೆಯದರಲ್ಲಿ ಎರಡೂ ಪಾಲು ಸೇರಿ ತಿಂಗಳಿಗೆ 18,000 ಪಿಎಫ್‌ಗೆ ಹೋಗುತ್ತದೆ, ಅದು ನಮ್ಮ ದುಡ್ಡೇ. ವೇರಿಯಬಲ್ ಪೂರ್ತಿ ಕೊಟ್ಟರೆ ವರ್ಷದ ಕೊನೆಗೆ ಅದೇ ಮುಂದೆ. ಆದರೆ ಇಎಂಐ ಪ್ರತಿ ತಿಂಗಳು ಐದನೇ ತಾರೀಕು ಕಟ್ ಆಗುತ್ತದೆ, ವೇರಿಯಬಲ್ ಬರೋವರೆಗೆ ಬ್ಯಾಂಕಿನವರು ಕಾಯೋದಿಲ್ಲ. ಸಾಲ ಇಲ್ಲದವರು ಇದೇ ಎರಡರಲ್ಲಿ ಮೊದಲನೆಯದನ್ನು ಹಿಡಿದರೆ ತಪ್ಪೇನಿಲ್ಲ. ಅವರವರ ಹಾಳೆ ಅವರವರಿಗೆ.

ಜಾಯಿನಿಂಗ್ ಬೋನಸ್ ಬಗ್ಗೆ ಇನ್ನೊಂದು ಮಾತು. ಒಂದು ವರ್ಷದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು ಅನ್ನೋ ಷರತ್ತು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಕೊಡುವಾಗ ಟ್ಯಾಕ್ಸ್ ಹಿಡಿದು ಕೊಡುತ್ತಾರೆ, ವಾಪಸ್ ಕೇಳುವಾಗ ಪೂರ್ತಿ ಕೇಳುವವರೂ ಇದ್ದಾರೆ. ಬೋನಸ್ಸನ್ನು ಸಂಬಳದ ಲೆಕ್ಕಕ್ಕೇ ಹಿಡಿಯಬೇಡಿ.

ಜಾಗದ ಸಾಲಿನಲ್ಲಿ "ಬೆಂಗಳೂರು" ಅಂತ ಬರೆದರೆ ಬರೆಯದೇ ಇದ್ದಂತೆ. ಮನೆ ವಿಜಯನಗರದಲ್ಲಿದ್ದರೆ ಮೆಟ್ರೋದ ನೇರಳೆ ಮಾರ್ಗದಲ್ಲಿ ಕೂತು ಪಟ್ಟಂದೂರು ಅಗ್ರಹಾರದಲ್ಲಿ ಇಳಿದರೆ ಐಟಿಪಿಎಲ್ ಎದುರೇ. ದೂರ ಜಾಸ್ತಿ, ಆದರೆ ಗಾಡಿ ಬದಲಿಸೋದಿಲ್ಲ. ಎಲೆಕ್ಟ್ರಾನಿಕ್ ಸಿಟಿಗೆ ಮೆಜೆಸ್ಟಿಕ್‌ನಲ್ಲಿ ಹಸಿರು, ಆರ್.ವಿ. ರಸ್ತೆಯಲ್ಲಿ ಹಳದಿ, ಎರಡು ಬದಲಾವಣೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಗುವ ಮೊದಲು ಅದನ್ನು ನೇರ ಹೊಡೆದುಹಾಕುತ್ತಿದ್ದೆ, ಈಗ ಒಪ್ಪುತ್ತೇನೆ. ನನ್ನ ಸಾಲು ಹೀಗಿದೆ: ಮೆಟ್ರೋ ಸ್ಟೇಷನ್‌ನಿಂದ ಹದಿನೈದು ನಿಮಿಷದ ನಡಿಗೆ, ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚಿಲ್ಲ. ಕಿಲೋಮೀಟರ್ ಬರೆಯೋದರಿಂದ ಪ್ರಯೋಜನವಿಲ್ಲ, ಸಿಲ್ಕ್ ಬೋರ್ಡ್ ಕಡೆ ಸಂಜೆ ಆರಕ್ಕೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೈಬ್ರಿಡ್ ಅನ್ನೋ ಪದ ಕಂಡರೆ ಫೋನಿನಲ್ಲಿ ಕೇಳಲೇಬೇಕು. ಮಾತು ಹೀಗೆ ಹೋಗುತ್ತದೆ:

"ಮೇಡಂ, ಹೈಬ್ರಿಡ್ ಅಂದ್ರೆ ವಾರಕ್ಕೆ ಎಷ್ಟು ದಿನ ಆಫೀಸು?"
"ಅದು ಟೀಮ್ ಮೇಲೆ ಡಿಪೆಂಡ್ ಸರ್."
"ಈ ಟೀಮ್‌ನವರು ಹೋದ ವಾರ ಎಷ್ಟು ದಿನ ಬಂದಿದ್ರು?"
"ಅದು... ಕನ್ಫರ್ಮ್ ಮಾಡಿ ಹೇಳ್ತೀನಿ ಸರ್."

ಕನ್ಫರ್ಮ್ ಮಾಡಿ ಫೋನ್ ಬಂದರೆ ಸರಿ. ಎರಡು ದಿನದಲ್ಲಿ ಬರಲಿಲ್ಲ ಅಂದರೆ ಐದು ದಿನ ಅಂತಲೇ ತುಂಬಿಕೊಳ್ಳಿ. ಶಿಫ್ಟಿಗೂ ಇದೇ ನಿಯಮ: "ಯಾವಾಗಲೋ ಒಮ್ಮೆ ಲೇಟ್ ಕಾಲ್ ಇರುತ್ತೆ" ಅಂದರೆ ಪ್ರತಿ ದಿನ ಅಂತ ಓದಿ. ಪೇರೋಲ್‌ಗೆ ಜೆಡಿಯ ಭಾಷೆಯೇ ಸಾಕು. C2H, third party payroll, client location ಈ ಮೂರರಲ್ಲಿ ಒಂದು ಕಂಡರೆ ಕಂಪನಿಯ ಹೆಸರು ಎಷ್ಟೇ ದೊಡ್ಡದಿದ್ದರೂ ಆಫರ್ ಲೆಟರ್ ಮೇಲೆ ಬೇರೆ ಹೆಸರಿರುತ್ತದೆ. ಆಟೊಮೇಷನ್ ಎಷ್ಟು ಅನ್ನೋದಕ್ಕೆ ನಾನು ಕೇಳುವ ಒಂದು ಪ್ರಶ್ನೆ ಇದೆ. ಅದಕ್ಕೆ ರಿಕ್ರೂಟರ್ ಹತ್ತಿರ ಉತ್ತರ ಇರೋದಿಲ್ಲ, ಟೀಮ್ ಲೀಡ್‌ಗೆ ಕೇಳಿ ಬರುವ ಹೊತ್ತಿಗೆ ಸತ್ಯ ಹೊರಗೆ ಬಿದ್ದಿರುತ್ತದೆ. ಆ ಪ್ರಶ್ನೆ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಇನ್ನೂ ಒಂದು ಸಲ ಕೆಲಸ ಬದಲಿಸೋದಿದೆ.

ಶೀಟಿನಲ್ಲಿ ಒಂದು ಓಪನಿಂಗ್‌ಗೆ ಒಂದು ಸಾಲು. ಷರತ್ತಿನ ಐದು ಕಾಲಮ್‌ಗೆ ಹೌದಾದರೆ Y, ಇಲ್ಲವಾದರೆ N, ಕೇಳಬೇಕಾದರೆ K. ಕೊನೆಯ ಕಾಲಮ್‌ಗೆ ಇದು:

```
=IF(COUNTIF(C2:G2,"N")>0,"ಬಿಡು",IF(COUNTIF(C2:G2,"K")>0,"ಕೇಳು","ಹಾಕು"))
```

ಗೊತ್ತಿಲ್ಲದ ಕಡೆ ಪ್ರಶ್ನೆ ಚಿಹ್ನೆ ಹಾಕೋದು ಎಲ್ಲರ ಅಭ್ಯಾಸ, ಇಲ್ಲಿ ಅದು ಕೈಕೊಡುತ್ತದೆ. COUNTIF ಲೆಕ್ಕದಲ್ಲಿ `?` ಅಂದರೆ ಯಾವುದಾದರೂ ಒಂದು ಅಕ್ಷರ. Y ಕೂಡ ಅದರಲ್ಲೇ ಎಣಿಕೆಯಾಗಿ, ಐದೂ Y ಇರುವ ಸಾಲಿಗೂ "ಕೇಳು" ಅಂತ ಬರುತ್ತದೆ. ಅದಕ್ಕೇ K. ಇನ್ನೊಂದು, ಖಾನೆ ಖಾಲಿ ಬಿಡಬೇಡಿ. ಖಾಲಿ ಇದ್ದರೆ ಫಾರ್ಮುಲಾ ಅದನ್ನು ಒಪ್ಪಿಗೆ ಅಂತಲೇ ಹಿಡಿದು "ಹಾಕು" ಅನ್ನುತ್ತದೆ.

ನಡುವೆ ಮಾರ್ಕ್ಸ್ ಪದ್ಧತಿಯನ್ನೂ ಪ್ರಯೋಗಿಸಿ ನೋಡಿದೆ. ಪ್ರತಿ ಷರತ್ತಿಗೆ ಹತ್ತರಲ್ಲಿ ಅಂಕ, ಸಂಬಳಕ್ಕೆ ತೂಕ ಜಾಸ್ತಿ. ನೋಡಲು ಚೆಂದ, ಕೆಲಸಕ್ಕೆ ಬಾರದು. ರಾತ್ರಿ ಶಿಫ್ಟಿಗೆ ಹತ್ತರಲ್ಲಿ ಒಂದು ಬಂದರೂ ಸಂಬಳದ ಅಂಕ ಅದನ್ನು ಮುಚ್ಚಿಹಾಕಿ ಆ ಓಪನಿಂಗ್ ಮೇಲಕ್ಕೆ ಬಂದು ಕೂರುತ್ತದೆ. ಷರತ್ತಿಗೆ ಹೌದು, ಇಲ್ಲ ಎರಡೇ ಇರಬೇಕು. ಅಂಕ ಬೇಕಿದ್ದರೆ ಆಸೆಗಳ ಹಾಳೆಗೆ ಹಾಕಿಕೊಳ್ಳಿ.

ಹುಡುಕೋಕೆ ಇಳಿಯುವ ಮೊದಲು ಪಟ್ಟಿಯನ್ನು ಹಳೇ ಜೆಡಿಗಳ ಮೇಲೆ ಓಡಿಸಿ ನೋಡಿ. ಸೇವ್ ಮಾಡಿಟ್ಟ ಇಪ್ಪತ್ತು ಮೂವತ್ತು ಸಾಕು. ಹತ್ತರಲ್ಲಿ ಮೂರೋ ನಾಲ್ಕೋ "ಬಿಡು" ಆಗದೆ ಉಳಿದರೆ ಪಟ್ಟಿ ಹದವಾಗಿದೆ. ಒಂದೂ ಉಳಿಯಲಿಲ್ಲ ಅಂದರೆ ಯಾವ ಕಾಲಮ್‌ನಲ್ಲಿ N ಜಾಸ್ತಿ ಅಂತ ನೋಡಿ. ನನ್ನ ಶೀಟಿನಲ್ಲಿ ಅದು ಸಂಬಳ ಆಗಿರಲಿಲ್ಲ, ವಾರಕ್ಕೆ ಎರಡೇ ದಿನ ಆಫೀಸು ಅನ್ನೋ ಸಾಲು. ಮೂರು ಮಾಡಿದ ತಕ್ಷಣ ಉಳಿದವು ದುಪ್ಪಟ್ಟಾದವು. ಎಂಟೂ ಒಂಬತ್ತೂ ಉಳಿದರೆ ಪಟ್ಟಿಯಲ್ಲಿ ಹಲ್ಲಿಲ್ಲ, ಸಂಬಳದ ಅಂಕಿ ಅಥವಾ ಜಾಗದ ಸಾಲು ಬಿಗಿ ಮಾಡಿ.

ಮನೆಯವರನ್ನೂ ಈ ಹಂತದಲ್ಲೇ ಕೂರಿಸಿಕೊಳ್ಳಿ. ನಮ್ಮನೆಯಲ್ಲಿ "ಶನಿವಾರ ಸಪೋರ್ಟ್ ಬೇಡ" ಅನ್ನೋದು ಶಿಫ್ಟ್ ಕಾಲಮ್‌ಗೆ ಸೇರಿದ್ದು ಹೆಂಡತಿ ಹೇಳಿದ್ದರಿಂದ.

ಆರು ವಾರಕ್ಕೂ ಏನೂ ಗಿಟ್ಟದಿದ್ದರೆ ಯಾವ ಷರತ್ತು ಮೊದಲು ಸಡಿಲ, ಎಷ್ಟು ಸಡಿಲ ಅನ್ನೋದನ್ನೂ ಮೊದಲ ದಿನವೇ ತಾರೀಕು ಹಾಕಿ ಬರೆದಿಡಬೇಕು. ರಿಕ್ರೂಟರ್ ಒಂದು ದೊಡ್ಡ ಅಂಕಿ ಹೇಳಿದ ರಾತ್ರಿ ಕೂತು ಸಡಿಲಿಸಿದರೆ ಅದು ಆ ಓಪನಿಂಗ್‌ಗೆ ಹೊಂದುವ ಹಾಗೆ ಹೊಲಿದ ಪಟ್ಟಿ ಆಗುತ್ತದೆ. ನನ್ನ ಕ್ರಮ: ಮೊದಲು ಆಫೀಸಿನ ದಿನ ಮೂರರಿಂದ ನಾಲ್ಕಕ್ಕೆ, ಆಮೇಲೆ ಕೈಸಂಬಳ 1.10ರಿಂದ 1.05ಕ್ಕೆ, ಕೊನೆಗೆ ಬೇಕಾದರೆ ಮೆಟ್ರೋ ಇಳಿದು ಒಂದು ಬಸ್ಸು. ಪೇರೋಲ್ ಮತ್ತು ಶಿಫ್ಟ್ ಸಾಲುಗಳ ಮುಂದೆ ತಾರೀಕೇ ಹಾಕಿರಲಿಲ್ಲ.