ನಾಲ್ಕು ವಾರ ಕಾದ ಮೇಲೆ ಇಳಿದ ಕಾರ್ಟಿಸಾಲ್

ಕಲಬುರಗಿಯ ತೊಗರಿ ವ್ಯಾಪಾರಿಯೊಬ್ಬರು ನನ್ನ ಬಳಿ ಬಂದಾಗ ಅವರ ಫೈಲು ದಪ್ಪವಾಗಿತ್ತು. ದುಂಡು ಮುಖ, ಮುಂದೆ ಬಂದ ಹೊಟ್ಟೆ, ಬಿಪಿ, ಸಕ್ಕರೆ. ಒತ್ತಡದ ಹಾರ್ಮೋನು ಕಾರ್ಟಿಸಾಲ್ ಮೈಯಲ್ಲಿ ಅತಿಯಾಗುವ ಕುಶಿಂಗ್ ಕಾಯಿಲೆಯ ಅನುಮಾನ. ಕಾರ್ಟಿಸಾಲನ್ನು ತಗ್ಗಿಸಬೇಕಾದ ಡೆಕ್ಸಾಮೆಥಾಸೋನ್ ಮಾತ್ರೆಯನ್ನು ರಾತ್ರಿ ಒಂದು ಮಿಲಿಗ್ರಾಂ ಕೊಟ್ಟು ಬೆಳಿಗ್ಗೆ ನೋಡಿದ ಕಾರ್ಟಿಸಾಲ್ ಐದರ ಮೇಲಿತ್ತು, 1.8ಕ್ಕಿಂತ ಕೆಳಗಿರಬೇಕಿತ್ತು. ಮೂತ್ರದ ಕಾರ್ಟಿಸಾಲ್ ಮಿತಿಯ ಸುಮಾರು ಒಂದೂವರೆ ಪಟ್ಟು. ಎಂಟು ಸಾವಿರದಷ್ಟು ಕೊಟ್ಟು ಮಾಡಿಸಿದ ಎಂಆರ್‌ಐಯಲ್ಲಿ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆಯಂಥ ನಾಲ್ಕು ಮಿಲಿಮೀಟರಿನ ಚುಕ್ಕೆ. ಹೈದರಾಬಾದಿನಲ್ಲಿ ಆಪರೇಷನ್‌ಗೆ ಎರಡೂವರೆ ಲಕ್ಷ ಕೇಳಿದ್ದರಂತೆ. ಅಂಥ ಚುಕ್ಕೆ ಆರೋಗ್ಯವಂತರಲ್ಲೂ ಹತ್ತರಲ್ಲಿ ಒಬ್ಬರಿಗೆ ಸಿಗುತ್ತದೆ ಎಂಬುದನ್ನು ಯಾರೂ ಅವರಿಗೆ ಹೇಳಿರಲಿಲ್ಲ.

ನಿಜವಾದ ಕುಶಿಂಗ್‌ನ ಗುರುತಿಗಾಗಿ ನಾನು ಮೊದಲು ನೋಡಿದ್ದು ಚರ್ಮವನ್ನು. ಮುಂಗೈ ಚರ್ಮ ತೆಳುವಾಗಿರಲಿಲ್ಲ, ಎಲ್ಲೂ ಪೆಟ್ಟಿಲ್ಲದೆ ಕಪ್ಪುಗಟ್ಟಿರಲಿಲ್ಲ, ಕೈಯೂರದೆ ಕುರ್ಚಿಯಿಂದ ಎದ್ದರು. ಕುಡಿತದಿಂದ ಏರುವ ಯಕೃತ್ತಿನ ಕಿಣ್ವ ಜಿಜಿಟಿ ಮಾತ್ರ ಇನ್ನೂರರ ಮೇಲಿತ್ತು. ಕುಡಿತದ ಲೆಕ್ಕ ಅವರ ಬಾಯಿಂದ ಹೇಗೆ ಹೊರಡಿಸಿದೆ ಎನ್ನುವುದು ನನ್ನಲ್ಲೇ ಇರಲಿ. ದಿನಕ್ಕೆ ಅರ್ಧ ಬಾಟಲಿ ವಿಸ್ಕಿ, ಹನ್ನೆರಡು ವರ್ಷದಿಂದ. ಅತಿ ಕುಡಿತವೇ ಕಾರ್ಟಿಸಾಲನ್ನು ಏರಿಸಿ ಕುಶಿಂಗ್‌ನಂತೆ ಕಾಣಿಸಬಲ್ಲದು. "ಕುಡಿತ ಬಿಡಿಸಿ ಮತ್ತೆ ಅಳೆಯೋಣ" ಎಂದೆ. ಜೊತೆಯ ವೈದ್ಯರು ನಂಬಲಿಲ್ಲ. "ಗೆಡ್ಡೆ ಕಣ್ಣೆದುರೇ ಇದೆಯಲ್ಲ" ಎಂದರು.

ಮೊದಲ ಸಲ ನಾನೇ ಎಡವಿದೆ. ಕುಡಿತ ಬಿಡಿಸಲು ಲೊರಾಜೆಪಾಮ್, ಥಯಮಿನ್ ಕೊಟ್ಟು ವಾರ್ಡಿನಲ್ಲಿಟ್ಟು, ಆರನೆಯ ದಿನಕ್ಕೇ ಆತುರಪಟ್ಟು ಪರೀಕ್ಷೆ ಮಾಡಿಸಿದೆ. ಕೈ ನಡುಗುತ್ತಿತ್ತು, ನಿದ್ದೆ ಬಂದಿರಲಿಲ್ಲ. ಕಾರ್ಟಿಸಾಲ್ ನಾಲ್ಕರ ಆಸುಪಾಸು. ಕುಡಿತ ಬಿಟ್ಟ ಸಂಕಟವೇ ಕಾರ್ಟಿಸಾಲನ್ನು ಏರಿಸುತ್ತದೆ. ಆ ದಿನಗಳಲ್ಲಿ ಅಳೆದರೆ ಉತ್ತರ ಸಿಗುವುದಿಲ್ಲ. ಪರೀಕ್ಷೆಯ ಹಣ ಹೋಯಿತು, ನನ್ನ ಮಾತಿನ ತೂಕವೂ ಇಳಿಯಿತು.

ಎರಡನೆಯ ಸಲ ನಾಲ್ಕು ವಾರ ಪೂರ್ತಿ ಕಾದೆ. ಅವರ ಹೆಂಡತಿ, "ಸಾಹೇಬರೇ, ಬಾಗಿಲಿಗೆ ನಾನೇ ಕೂಡುತ್ತೇನೆ" ಎಂದರು, ಕೂತರು ಕೂಡ. ಮಾತನ್ನಷ್ಟೇ ನಂಬದೆ ಜಿಜಿಟಿ ನೋಡಿದೆ, ತೊಂಬತ್ತಕ್ಕೆ ಇಳಿದಿತ್ತು. ಫಿಟ್ಸ್ ಅಥವಾ ಟಿಬಿ ಮಾತ್ರೆ ನುಂಗುತ್ತಿದ್ದರೆ ಡೆಕ್ಸಾಮೆಥಾಸೋನ್ ಬೇಗ ಕರಗಿ ಸುಳ್ಳು ಫಲಿತಾಂಶ ಬರುತ್ತದೆ, ಅದನ್ನೂ ಕೇಳಿಕೊಂಡೆ. ರಾತ್ರಿ ಹನ್ನೊಂದಕ್ಕೆ ಫೋನಿನಲ್ಲೇ ಮಾತ್ರೆ ನುಂಗಿಸಿದೆ. ಬೆಳಿಗ್ಗೆ ಎಂಟಕ್ಕೆ ತೆಗೆದ ರಕ್ತದಲ್ಲಿ ಕಾರ್ಟಿಸಾಲ್ 1.1. ಮೂತ್ರದ್ದೂ ಮಿತಿಯೊಳಗೆ ಬಂತು. ಇಡೀ ವಿಭಾಗದಲ್ಲಿ ಆ ವರದಿಯನ್ನು ನಾನೇ ಹಿಡಿದು ತಿರುಗಿದೆ.

ಆ ಹುರುಪಿನಲ್ಲಿ ಖಿನ್ನತೆಯಿದ್ದ, ತೊಂಬತ್ತು ಕಿಲೋ ತೂಕದ ಶಿಕ್ಷಕಿಯೊಬ್ಬರಿಗೂ ಕಾದು ನೋಡಿದೆ. 3ರ ಹತ್ತಿರವಿದ್ದ ಕಾರ್ಟಿಸಾಲ್ ಮನಸ್ಸು ಹಗುರಾಗಿ ನಿದ್ದೆ ಬಂದ ಮೂರು ತಿಂಗಳಿಗೆ ಸರಿಹೋಯಿತು. ತೂಕ ಒಂದು ಕಿಲೋ ಕೂಡ ಇಳಿದಿರಲಿಲ್ಲ. ಆದರೆ ಹೊಟ್ಟೆಯ ಮೇಲೆ ಬೆರಳಗಲದ ನೇರಳೆ ಗೆರೆಗಳಿದ್ದ, ಕುಕ್ಕರಗಾಲಿನಿಂದ ಏಳಲಾಗದ ಬೀದರದ ಯುವಕನೊಬ್ಬನನ್ನು ಒಂದು ದಿನವೂ ಕಾಯಿಸಲಿಲ್ಲ. ಅವನದು ನಿಜವಾದ ಕುಶಿಂಗ್ ಕಾಯಿಲೆಯೇ ಆಗಿತ್ತು.

ವರ್ಷದ ನಂತರ ವ್ಯಾಪಾರಿಗೆ ಮತ್ತೆ ಎಂಆರ್‌ಐ ಮಾಡಿಸಿದೆ. ಚುಕ್ಕೆ ಅಲ್ಲೇ ಇದೆ, ಅದೇ ನಾಲ್ಕು ಮಿಲಿಮೀಟರ್.