ಡೌನ್‌ಲೋಡ್‌ಗೆ ಬ್ರೌಸರ್ ಅಡ್ಡ ಬಂದರೆ ಏನು ಮಾಡಬೇಕು?

ಸಾಲುಸಾಲು ಫೋಟೊಗಳ ಹೆಸರನ್ನು ಒಂದೇ ಸಲ ಬದಲಿಸುವ ಚಿಕ್ಕ ಪ್ರೋಗ್ರಾಮ್ ಒಂದನ್ನು ಎರಡು ವರ್ಷದಿಂದ ಬಳಸುತ್ತಿದ್ದೇನೆ. ಮೊನ್ನೆ ಅದರ ಹೊಸ ಆವೃತ್ತಿ ಇಳಿಸಿಕೊಳ್ಳಲು ಹೋದರೆ ಬ್ರೌಸರ್ ತಡೆಯಿತು. ಇದನ್ನು ಜಾಸ್ತಿ ಜನ ಡೌನ್‌ಲೋಡ್ ಮಾಡಿಲ್ಲವಂತೆ!

ಇಂಥ ಹೊತ್ತಲ್ಲಿ ಮೊದಲು ಎಚ್ಚರಿಕೆಯ ಮಾತನ್ನು ಪೂರ್ತಿ ಓದಿ. ವೈರಸ್ ಇದೆ, ಅಪಾಯಕಾರಿ ಎಂದು ನೇರವಾಗಿ ಹೇಳಿದರೆ ಫೈಲನ್ನು ಅಳಿಸಿಬಿಡಿ. ಅಲ್ಲಿ ವಾದ ಬೇಡ. ಜಾಸ್ತಿ ಜನ ಇಳಿಸಿಕೊಂಡಿಲ್ಲ ಎಂದಷ್ಟೇ ಇದ್ದರೆ ಅದು ಬೇರೆ ಮಾತು. ಫೈಲಿನ ಒಳಗೆ ಕೆಟ್ಟದ್ದು ಸಿಕ್ಕಿದೆ ಎಂದಲ್ಲ, ಫೈಲಿನ ಪರಿಚಯ ಇನ್ನೂ ಇಲ್ಲ ಎಂದರ್ಥ. ಹೊಸ ಆವೃತ್ತಿ ಎಂದರೆ ಬ್ರೌಸರ್ ಕಣ್ಣಿಗೆ ಹೊಸ ಫೈಲೇ. ಹಳೆಯದರ ಒಳ್ಳೆಯ ಹೆಸರು ಇದಕ್ಕೆ ತಾನಾಗಿ ಬರುವುದಿಲ್ಲ. ಆದರೆ ನಿನ್ನೆ ಹುಟ್ಟಿದ ವೈರಸ್ಸಿಗೂ ಪರಿಚಯ ಇರುವುದಿಲ್ಲ, ಅಲ್ವಾ? ಅದಕ್ಕೇ ನಾವೇ ಪರೀಕ್ಷಿಸಬೇಕು.

ಫೈಲ್ ಎಲ್ಲಿಂದ ಬಂತು ನೋಡಿ. ಕ್ರೋಮ್‌ನಲ್ಲಿ `chrome://downloads` ತೆರೆದರೆ ವಿಳಾಸ ಕಾಣುತ್ತದೆ. ತಯಾರಕರ ತಾಣದ್ದೋ, ಜಾಹೀರಾತಿನ ದೊಡ್ಡ ಹಸಿರು ಬಟನ್ನಿನದ್ದೋ ಅಲ್ಲೇ ಗೊತ್ತಾಗುತ್ತದೆ. ಫೋಟೊ ಅಥವಾ ಬಿಲ್ ಕೇಳಿದ್ದಕ್ಕೆ ಹೆಸರಿನ ಕೊನೆಯಲ್ಲಿ `.pdf.exe` ಎಂದು ಬಂದಿದ್ದರೆ ಮುಂದಿನ ಪರೀಕ್ಷೆಯೇ ಬೇಡ, ಅಳಿಸಿ. ಆ್ಯಂಟಿವೈರಸ್ ಆಫ್ ಮಾಡಿ ಎಂದು ಪುಟವೇ ಹೇಳಿಕೊಡುತ್ತಿದ್ದರೂ ಅಷ್ಟೇ.

ನನ್ನ ಫೈಲಿನ ವಿಳಾಸ ಸರಿಯಿತ್ತು. `Keep` ಒತ್ತಿ ಉಳಿಸಿಕೊಂಡೆ, ತೆರೆಯಲಿಲ್ಲ. ಇಂಥ ಫೈಲ್ ಸುಮ್ನೆ ಫೋಲ್ಡರಿನಲ್ಲಿ ಕೂತಿದ್ದರೆ ಏನೂ ಮಾಡುವುದಿಲ್ಲ, ಡಬಲ್ ಕ್ಲಿಕ್ ಮಾಡಿದರೇ ತೊಂದರೆ. ಆಮೇಲೆ ವಿಂಡೋಸ್‌ನಲ್ಲಿ ಆ ಫೋಲ್ಡರ್ ತೆರೆದು, ಮೇಲಿನ ವಿಳಾಸಪಟ್ಟಿಯಲ್ಲಿ `cmd` ಎಂದು ಬರೆದು ಎಂಟರ್ ಒತ್ತಿ, ಹೀಗೆ ಟೈಪ್ ಮಾಡಿದೆ:

```
certutil -hashfile setup.exe SHA256
```

`setup.exe` ಜಾಗದಲ್ಲಿ ನಿಮ್ಮ ಫೈಲಿನ ಹೆಸರು ಹಾಕಿ. 64 ಅಕ್ಷರಗಳ ಒಂದು ಸಾಲು ಬರುತ್ತದೆ. ಅದು ಫೈಲಿನ ಬೆರಳಚ್ಚು ಇದ್ದ ಹಾಗೆ. ತಯಾರಕರು ತಮ್ಮ ಪುಟದಲ್ಲಿ ಕೊಟ್ಟ ಸಾಲಿಗೆ ಇದು ಹೊಂದಿದರೆ, ದಾರಿಯಲ್ಲಿ ಫೈಲ್ ಕೆಟ್ಟಿಲ್ಲ, ಬದಲಾಗಿಲ್ಲ. ಆದರೆ ತಾಣಕ್ಕೇ ಕಳ್ಳರು ನುಗ್ಗಿದ್ದರೆ ಎರಡನ್ನೂ ಬದಲಿಸಿರಬಹುದು. ಹಾಗಾಗಿ ಅದೇ ಸಾಲನ್ನು ವೈರಸ್‌ಟೋಟಲ್ ತಾಣದಲ್ಲಿ ಹುಡುಕಿ. ಹತ್ತಾರು ಆ್ಯಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ಸಿಗುತ್ತದೆ. ಏನೂ ಸಿಗದಿದ್ದರೆ ಫೈಲನ್ನೇ ಅಲ್ಲಿಗೆ ಕಳಿಸಬಹುದು. ಖಾಸಗಿ ಕಾಗದಪತ್ರಗಳನ್ನು ಮಾತ್ರ ಕಳಿಸಬೇಡಿ, ಅಲ್ಲಿಗೆ ಹೋದದ್ದನ್ನು ಬೇರೆಯವರೂ ನೋಡಬಹುದು.

ನನ್ನ ಫೈಲಿಗೆ ಎರಡು ಕಡೆ ಕೆಂಪು ಬಂತು. ಎರಡೂ ನಾನು ಕೇಳದ ಹೆಸರಿನ ಆ್ಯಂಟಿವೈರಸ್‌ಗಳು, ಬರೀ ಅನುಮಾನ ಎಂದಿದ್ದವು. ಹೆಸರಾಂತ ನಾಲ್ಕೈದು ಸೇರಿ ಒಂದೇ ವೈರಸ್ಸಿನ ಹೆಸರು ಹೇಳಿದ್ದರೆ ಅಳಿಸುತ್ತಿದ್ದೆ. ಆದರೂ ಆತುರಪಡದೆ ಹತ್ತು ದಿನ ಬಿಟ್ಟು ಮತ್ತೆ ನೋಡಿದೆ. ಕೆಂಪು ಹೋಗಿತ್ತು. ಅದೇ ಫೈಲನ್ನು ಇನ್ನೊಂದು ಕಂಪ್ಯೂಟರಿಗೆ ಇಳಿಸಿಕೊಂಡಾಗ ಬ್ರೌಸರ್ ತುಟಿ ಪಿಟಕ್ಕೆನ್ನಲಿಲ್ಲ.