ಬಿಲ್ಲಿನಲ್ಲಿ ಅಂಕಿ ಒಂದು, ಅಕ್ಷರ ಇನ್ನೊಂದು: ನಾನು ತಾಳೆ ಹಾಕುವ ರೀತಿ

ದಾವಣಗೆರೆಯಲ್ಲಿ ಏಳೆಂಟು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಖರೀದಿ ಬಿಲ್ಲುಗಳು ಹೆಚ್ಚಾಗಿ ಸ್ಕ್ಯಾನ್ ಆಗಿ ಮೊಬೈಲಿಗೆ ಬರುತ್ತವೆ. ತಿಂಗಳಿಗೆ ಸಾವಿರದ ಮೇಲಿರಬಹುದು. ಅದರಲ್ಲಿ ಮೂವತ್ತೋ ನಲವತ್ತೋ ಬಿಲ್ಲುಗಳಲ್ಲಿ ಅಂಕಿಯ ಮೊತ್ತಕ್ಕೂ ಅಕ್ಷರದ ಮೊತ್ತಕ್ಕೂ ತಾಳೆ ಬೀಳುವುದಿಲ್ಲ. ಮೊದಲು ಇಂಥ ಪ್ರತಿ ಬಿಲ್ಲಿಗೂ ಸಪ್ಲೈಯರ್‌ಗೆ ಫೋನ್ ಮಾಡುತ್ತಿದ್ದೆ. ಈಗ ತಿಂಗಳಿಗೆ ನಾಲ್ಕೈದು ಫೋನ್ ಸಾಕು. ಉಳಿದದ್ದನ್ನು ಬಿಲ್ಲೇ ಹೇಳುತ್ತದೆ.

ಇದು ಆಗದ ಕೆಲಸ ಅಂದವರೇ ಜಾಸ್ತಿ. ನಮ್ಮ ಹಿರಿಯ ಆಡಿಟರ್ ಒಬ್ಬರು, "ಅಕ್ಷರದಲ್ಲಿ ಇರೋದೇ ಸರಿ ಕಣಯ್ಯ, ಅದನ್ನೇ ಹಾಕು" ಅಂದುಬಿಟ್ಟಿದ್ದರು. ಅವರ ಮನಸ್ಸಿನಲ್ಲಿ ಇದ್ದದ್ದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್. ಅದು ಚೆಕ್ಕು, ಪ್ರಾಮಿಸರಿ ನೋಟಿನಂಥ ಪತ್ರಗಳಿಗೆ. ಅಂಗಡಿಯ ಖರೀದಿ ಬಿಲ್ಲಿಗೆ ಅದು ಅನ್ವಯಿಸುವುದಿಲ್ಲ. ಅಲ್ಲದೆ ಎಕ್ಸೆಲ್‌ನಲ್ಲಿ ಬಿಲ್ ಮಾಡುವವರು ಹಳೇ ಬಿಲ್ಲನ್ನೇ ಕಾಪಿ ಮಾಡಿ ಐಟಂ ಬದಲಿಸುತ್ತಾರೆ. ಫಾರ್ಮುಲಾ ಇರುವುದರಿಂದ ಒಟ್ಟು ಮೊತ್ತ ತಾನೇ ಬದಲಾಗುತ್ತದೆ. ಕೈಯಲ್ಲಿ ಟೈಪ್ ಮಾಡಿದ ಅಕ್ಷರದ ಸಾಲು ಹಳೇ ಬಿಲ್ಲಿನದ್ದೇ ಉಳಿಯುತ್ತದೆ. ಅಂಥ ಬಿಲ್ಲಿನಲ್ಲಿ ಅಕ್ಷರ ನಂಬಿದರೆ ದುಡ್ಡು ಹೋಯಿತು ಅಂತಲೇ ಲೆಕ್ಕ.

ಹೋಗಿದ್ದೂ ಉಂಟು. ವರ್ಷಕ್ಕೆ ಒಂಬತ್ತು ಸಾವಿರದ ಹತ್ತಿರ ಕೊಟ್ಟು ಬಿಲ್ ಓದುವ ಸಾಫ್ಟ್‌ವೇರ್ ಒಂದನ್ನು ತೆಗೆದುಕೊಂಡಿದ್ದೆ. ತಾಳೆ ಬೀಳದಿದ್ದಾಗ ಅದು ಕಣ್ಣು ಮುಚ್ಚಿ ಅಕ್ಷರವನ್ನೇ ಆರಿಸುತ್ತಿತ್ತು. ಒಂದು ಪೇಂಟ್ ಅಂಗಡಿಯವರು ಅದರ ಪ್ರಕಾರ ಇಪ್ಪತ್ತು ಸಾವಿರದಷ್ಟು ಹೆಚ್ಚು ಪಾವತಿ ಮಾಡಿದರು. ಅದು ಮುಂದಿನ ಬಿಲ್ಲುಗಳಲ್ಲಿ ವಜಾ ಆಗಿ ಮುಗಿಯಲು ಮೂರ್ನಾಲ್ಕು ತಿಂಗಳು ಹಿಡಿಯಿತು. ಆಮೇಲೆ 600 ಡಿಪಿಐ ಸ್ಕ್ಯಾನರ್‌ಗೆ ದುಡ್ಡು ಹಾಕಿಸಿದೆ. ಫಲ ಸಿಗಲಿಲ್ಲ. ಫೋಟೊ ಆಗಿ ಕಳಿಸಿದಾಗ ವಾಟ್ಸಾಪ್ ಅದನ್ನು ಕುಗ್ಗಿಸಿಬಿಡುತ್ತದೆ. 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಹೇಳಿಕೊಟ್ಟದ್ದೇ ಆ ಸ್ಕ್ಯಾನರ್‌ಗಿಂತ ಹೆಚ್ಚು ಕೆಲಸ ಮಾಡಿತು.

ಈಗ ಚಿತ್ರದಲ್ಲಿರುವ ಅಕ್ಷರ, ಅಂಕಿ ಓದುವ ಟೆಸರಾಕ್ಟ್ ಅನ್ನುವ ಸಾಫ್ಟ್‌ವೇರ್ ಬಳಸುತ್ತೇನೆ, ಬಿಟ್ಟಿ. ಒಟ್ಟು ಮೊತ್ತದ ಚೌಕವನ್ನು ಮಾತ್ರ ಕತ್ತರಿಸಿ ಹೀಗೆ ಓದಿಸುತ್ತಿದ್ದೆ:

```
tesseract total.png out -l eng --psm 7 -c tessedit_char_whitelist=0123456789.,
```

ಅಂಕಿ ಬಿಟ್ಟು ಬೇರೇನೂ ಓದಬೇಡ ಅಂದರೆ ತಪ್ಪು ಕಡಿಮೆಯಾಗುತ್ತದೆ ಅನ್ನಿಸುತ್ತದೆ, ಅಲ್ವಾ? ನನ್ನ ಬಿಲ್ಲುಗಳಲ್ಲಿ ಉಲ್ಟಾ ಆಯಿತು. ರೂಪಾಯಿ ಚಿಹ್ನೆಯನ್ನೂ ಬಲವಂತವಾಗಿ ಅಂಕಿ ಮಾಡಿ 7 ಅಥವಾ 2 ಅಂತ ಓದುತ್ತಿತ್ತು. ಕೊನೆಯ "/-" ಎಷ್ಟೋ ಸಲ 1 ಆಗುತ್ತಿತ್ತು. ಆ ನಿರ್ಬಂಧ ತೆಗೆದ ಮೇಲೆ ಅಲ್ಲಿ ಏನೋ ಕಸ ಬರುತ್ತದೆ. ಕಸ ಬಂದರೆ ಗೊತ್ತಾಗುತ್ತದೆ, ಸುಳ್ಳು ಅಂಕಿ ಬಂದರೆ ಗೊತ್ತಾಗುವುದಿಲ್ಲ. ಕಾಮಾ ಮಾತ್ರ ಬಿಡಬೇಡಿ. 725,134 ಅಂತ ಬಂದರೆ ನಮ್ಮ ಕಡೆಯ ಬಿಲ್ಲಿನಲ್ಲಿ ಅದು 7,25,134 ಇರಬೇಕಿತ್ತು, ಹಾಗಾಗಿ ಮುಂದಿನ 7 ರೂಪಾಯಿ ಚಿಹ್ನೆ. 25,1341 ಅಂತ ಬಂದರೆ ಕಾಮಾ ಆದಮೇಲೆ ನಾಲ್ಕು ಅಂಕಿ ಇರಲು ಸಾಧ್ಯವಿಲ್ಲ, ಹಾಗಾಗಿ ಕೊನೆಯ 1 ಸುಳ್ಳು.

ಇಷ್ಟಾದ ಮೇಲೂ ತಾಳೆ ಬೀಳದಿದ್ದರೆ ಯಾವುದು ಸರಿ ಅಂತ ನೋಡುವ ಮೊದಲು ಎರಡನ್ನೂ ಕಳೆದು ವ್ಯತ್ಯಾಸ ನೋಡುತ್ತೇನೆ. ನನ್ನ ರೀತಿಯ ಜೀವಾಳ ಇದೇ. ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ಅದಲುಬದಲಾಗಿರುವ ಸಂಭವ ಜಾಸ್ತಿ. ಇದು ಲೆಕ್ಕ ಬರೆಯುವ ಎಲ್ಲರಿಗೂ ಗೊತ್ತು. ಕನ್ನಡದಲ್ಲಿ ಬರೆದ ಬಿಲ್ಲಿಗೆ ಇನ್ನೊಂದು ಗುರುತು ಇದೆ. ವ್ಯತ್ಯಾಸ ಸರಿಯಾಗಿ 50 ಅಥವಾ 50,000 ಬಂದರೆ ಮೊದಲು ಇಪ್ಪತ್ತು, ಎಪ್ಪತ್ತು ನೋಡಿ. ಎರಡಕ್ಕೂ ಮೊದಲ ಅಕ್ಷರ ಮಾತ್ರ ಬೇರೆ. ಮಸುಕು ಸ್ಕ್ಯಾನಿನಲ್ಲಿ ಇ ಮತ್ತು ಎ ಒಂದೇ ಥರ ಕಾಣುತ್ತವೆ. ಆಗ ಆ ಒಂದು ಅಕ್ಷರವನ್ನು ದೊಡ್ಡದು ಮಾಡಿ ನೋಡಿದರೆ ಸಾಕು.

ಒಂದು ಬಿಲ್ಲನ್ನು ಪೂರ್ತಿ ಹೇಳುತ್ತೇನೆ. ಪಿವಿಸಿ ಪೈಪಿನ ಬಿಲ್ಲು, ಕೈಬರಹ. ಅಂಕಿಯಲ್ಲಿ 25,314. ಅಕ್ಷರದಲ್ಲಿ ಇಪ್ಪತ್ತೈದು ಸಾವಿರದ ನೂರ ಮೂವತ್ತನಾಲ್ಕು. ವ್ಯತ್ಯಾಸ 180. 9ರಿಂದ ಭಾಗಿಸಿದರೆ 20. ಅಂದರೆ ನೂರರ ಸ್ಥಾನ, ಹತ್ತರ ಸ್ಥಾನ ಅದಲುಬದಲಾಗಿರಬಹುದು, ಆ ಎರಡು ಅಂಕಿಗಳ ನಡುವೆ 2ರ ಅಂತರ ಇರಬೇಕು. 3 ಮತ್ತು 1, ಸರಿಹೋಯಿತು. ಆದರೆ ಅದಲುಬದಲಾಗಿದೆ ಅಂತ ಮಾತ್ರ ಇದರಿಂದ ಗೊತ್ತಾಗುತ್ತದೆ. ತಪ್ಪಿದ್ದು ಅಂಕಿಯೋ ಅಕ್ಷರವೋ ಗೊತ್ತಾಗುವುದಿಲ್ಲ.

ಹಾಗಾಗಿ ಐಟಂಗೆ ಹೋದೆ. ಪೈಪು 40, ದರ 465. ಎಲ್ಬೊ 60, ದರ 45. ಆ 40 ಮಾತ್ರ ಮಸುಕಾಗಿತ್ತು, 46 ಅಂತಲೂ ಓದಬಹುದಿತ್ತು. ಇಲ್ಲಿ ಕೈಹಿಡಿದದ್ದು ತೆರಿಗೆಯ ಸಾಲು. ಸಿಜಿಎಸ್‌ಟಿ 9 ಪರ್ಸೆಂಟ್ 1,917, ಎಸ್‌ಜಿಎಸ್‌ಟಿಯೂ 1,917. ಒಂದೇ ಮೊತ್ತವನ್ನು ಎರಡು ಸಲ ಬರೆದಿರುವುದರಿಂದ ಅಲ್ಲಿ ಓದುವ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ. 1,917ನ್ನು 9ರಿಂದ ಭಾಗಿಸಿ 100ರಿಂದ ಗುಣಿಸಿದರೆ 21,300. ಎಲ್ಬೊದ 2,700 ಕಳೆದರೆ 18,600, ಅದನ್ನು 465ರಿಂದ ಭಾಗಿಸಿದರೆ 40. ಪೈಪು ನಲವತ್ತೇ. 21,300ಕ್ಕೆ ತೆರಿಗೆ 3,834 ಸೇರಿಸಿದರೆ 25,134. ಅಕ್ಷರ ಸರಿ, ಅಂಕಿ ತಪ್ಪು. ಆಡಿಟರ್‌ಗೆ ಈ ಹಾಳೆ ತೋರಿಸಿದೆ. ಹತ್ತು ನಿಮಿಷ ನೋಡಿ, "ಇನ್ನು ನಮ್ಮ ಹುಡುಗರಿಗೂ ಹೇಳಿಕೊಡು" ಅಂದರು. ನನಗೆ ಹೆಮ್ಮೆಯಾಯಿತು.

ಸಣ್ಣ ಸಂಗತಿ ಒಂದು: ವ್ಯತ್ಯಾಸ ಒಂದು ರೂಪಾಯಿಯ ಒಳಗಿದ್ದರೆ ಅದು ಪೈಸೆಯನ್ನು ರೌಂಡ್ ಆಫ್ ಮಾಡಿದ್ದು, ಹುಡುಕಬೇಡಿ.

6 ಮತ್ತು 8ರ ತಪ್ಪಿಗೆ ಸ್ಕ್ಯಾನರ್ ಕೂಡ ಕಾರಣ ಆಗಬಹುದು. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಅನ್ನುವವರು ಕೆಲವು ಝೆರಾಕ್ಸ್ ಯಂತ್ರಗಳು ಸ್ಕ್ಯಾನ್ ಮಾಡುವಾಗ 6ನ್ನು 8 ಮಾಡುತ್ತಿದ್ದುದನ್ನು ತೋರಿಸಿದರು. ಫೈಲ್ ಚಿಕ್ಕದು ಮಾಡಲು ಯಂತ್ರ ಒಂದೇ ಥರ ಕಾಣುವ ಗುರುತುಗಳಿಗೆ ಒಂದೇ ಚಿತ್ರ ಬಳಸುತ್ತಿತ್ತು. ಅಂಥ 8 ಎಷ್ಟು ದೊಡ್ಡದು ಮಾಡಿ ನೋಡಿದರೂ ಚೊಕ್ಕ 8 ಆಗಿಯೇ ಕಾಣುತ್ತದೆ. ಅದಕ್ಕೇ ವ್ಯತ್ಯಾಸ 2, 20, 200 ಬಂದು ಎರಡೂ ಸ್ಪಷ್ಟವಾಗಿದ್ದರೆ ನಾನು ಮೂಲ ಕಾಗದ ಕೇಳುತ್ತೇನೆ.

ಹಳೇ ಬಿಲ್ಲುಗಳ ಕನ್ನಡ ಅಂಕಿಗಳ ಮೇಲೂ ಸುಮ್ನೆ ಪ್ರಯತ್ನ ಮಾಡಿದೆ, `-l kan` ಹಾಕಿ. ಕೈಬರಹದ ೬ ಮತ್ತು ೯ ಬಾಲದ ದಿಕ್ಕಿನಲ್ಲಿ ಕೈಕೊಟ್ಟವು. ಅದಕ್ಕೆ ಒಂದು ಉಪಾಯ ಸಿಕ್ಕಿದೆ, ಆದರೆ ಇನ್ನೂ ಪಕ್ಕಾ ಆಗಿಲ್ಲ, ಇಲ್ಲಿ ಬರೆಯುವುದಿಲ್ಲ. ಯಾವ ಸಪ್ಲೈಯರ್ ಯಾವ ಥರ ತಪ್ಪು ಮಾಡುತ್ತಾನೆ ಅನ್ನುವ ನನ್ನ ಪಟ್ಟಿಯೂ ನನ್ನ ಹತ್ತಿರವೇ ಇರಲಿ.

ತೆರಿಗೆ ಸಾಲೇ ಇಲ್ಲದ ಬಿಲ್ಲು, ಅಂದರೆ ಕಾಂಪೊಸಿಷನ್‌ನವರದ್ದು, ಬಂದರೆ ಈ ರೀತಿ ಅರ್ಧ ಮಾತ್ರ ನಡೆಯುತ್ತದೆ. ಒಂದೇ ಐಟಂ ಇದ್ದು ಸಂಖ್ಯೆಯೂ ಮಸುಕಾಗಿದ್ದರೆ ಫೋನೇ ಗತಿ. ಜಿಎಸ್‌ಟಿ ಬಿಲ್ಲಾದರೆ 14ನೇ ತಾರೀಕು ಜಿಎಸ್‌ಟಿಆರ್-2ಬಿ ಬಂದ ಮೇಲೆ ಸಪ್ಲೈಯರ್ ತೋರಿಸಿದ ಮೊತ್ತವನ್ನೂ ಹೋಲಿಸುತ್ತೇನೆ. ಪೈಪಿನ ಬಿಲ್ಲಿಗೆ ಅಲ್ಲೂ 21,300 ಮತ್ತು 1,917 ಇತ್ತು. ಬಿಲ್ಲಿನ ಮೇಲೆ ನಾನು ಪೆನ್ನು ಆಡಿಸುವುದಿಲ್ಲ. ಸಪ್ಲೈಯರೇ ಅಂಕಿ ತಿದ್ದಿ, ಸಹಿ ಸೀಲು ಹಾಕಿ ಕಳಿಸಿದರು. ಟ್ಯಾಲಿಯ ನರೇಶನ್‌ನಲ್ಲಿ ಎರಡೂ ಮೊತ್ತ ಬರೆದು ಎರಡೂ ಸ್ಕ್ಯಾನ್ ಜೊತೆಗಿಟ್ಟೆ, 25,134 ಪಾವತಿಯಾಯಿತು.